ಫೋಟೋವನ್ನು ಕಿವಿಗೆ ದಾಟಿಸುವುದು: ಆಲ್ಟ್ ಪಠ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ಕಾಣದ ಓದುಗರಿಗಾಗಿ ಫೋಟೋಗಳನ್ನು ಮಾತಿನಲ್ಲಿ ಬರೆಯುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಲೇಖನ ಬರೆಯುವವರು, ಪುಟ ಕಟ್ಟುವವರು, ಮೇಷ್ಟ್ರುಗಳು ಎದುರು ಸಿಕ್ಕಾಗ ಕೇಳಿದ, ಪತ್ರದಲ್ಲಿ ಬರೆದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಒಂದೇ ಚಿತ್ರ ಹಿಡಿದುಕೊಂಡಿದ್ದೇನೆ: ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಕಲ್ಲಿನ ರಥ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಇರುವುದೂ ಅದೇ, ಹಾಗಾಗಿ ನೋಡಿಲ್ಲ ಎನ್ನುವವರು ಕಡಿಮೆ.

## ಶುರುವಿನ ಪ್ರಶ್ನೆಗಳು

ಆಲ್ಟ್ ಪಠ್ಯ ಅಂದ್ರೆ ಫೋಟೋ ಕೆಳಗೆ ಹಾಕೋ ಕ್ಯಾಪ್ಷನ್ನೇ ಅಲ್ವಾ?

ಅಲ್ಲ. ಕ್ಯಾಪ್ಷನ್ ಎಲ್ಲರೂ ಓದುವಂಥದ್ದು. ಫೋಟೋ ನೋಡಿದರೂ ಗೊತ್ತಾಗದ್ದನ್ನು ಅದು ಹೇಳುತ್ತದೆ: ಯಾವ ಊರು, ಯಾವ ವರ್ಷ, ನಿಂತವರ ಹೆಸರೇನು, ತೆಗೆದವರು ಯಾರು. ಆಲ್ಟ್ ಪಠ್ಯ ಪುಟದ ಮೇಲೆ ಕಾಣುವುದಿಲ್ಲ, ಚಿತ್ರದ ಬೆನ್ನಿಗೆ ಅಂಟಿಕೊಂಡಿರುತ್ತದೆ. ಫೋನ್ ಅಥವಾ ಕಂಪ್ಯೂಟರಿನಲ್ಲಿರುವ ಸ್ಕ್ರೀನ್ ರೀಡರ್ ಚಿತ್ರದ ಹತ್ತಿರ ಬಂದಾಗ ಅದನ್ನು ಗಟ್ಟಿಯಾಗಿ ಓದುತ್ತದೆ. ಕಣ್ಣಿದ್ದವರಿಗೆ ನೋಡಿದ ತಕ್ಷಣ ಸಿಗುವುದನ್ನು ಅದು ಹೇಳಬೇಕು.

ಇಲ್ಲಿ ಮರೆಯುವ ಸಂಗತಿ ಒಂದಿದೆ. ಕಾಣದ ಓದುಗರು ಇವೆರಡನ್ನೂ ಕೇಳುತ್ತಾರೆ, ಅದೂ ಒಂದರ ಬೆನ್ನಿಗೆ ಒಂದು. ಕ್ಯಾಪ್ಷನ್ನನ್ನೇ ನಕಲು ಮಾಡಿ ಆಲ್ಟ್‌ಗೆ ಅಂಟಿಸಿದರೆ ಅವರಿಗೆ ಅದೇ ಸಾಲು ಎರಡು ಸಲ ಕೇಳಿಸುತ್ತದೆ, ಚಿತ್ರದಲ್ಲಿ ಏನಿದೆ ಎಂಬುದು ಮಾತ್ರ ಒಮ್ಮೆಯೂ ಕೇಳಿಸುವುದಿಲ್ಲ.

ಏನೂ ಬರೆಯದೇ ಬಿಟ್ಟರೆ ಏನಾಗ್ತದ್ರೀ? ಯಾರಿಗೆ ಗೊತ್ತಾಗ್ತದ?

ಚಿತ್ರಕ್ಕೆ ಲಿಂಕ್ ಇದ್ದರೆ ಸ್ಕ್ರೀನ್ ರೀಡರ್ ಹಲವು ಸಲ ಫೈಲಿನ ಹೆಸರನ್ನೇ ಓದಲು ಶುರುಮಾಡುತ್ತದೆ. `IMG_20230114_073512.jpg` ಎನ್ನುವುದನ್ನು ಒಂದೊಂದೇ ಅಂಕಿಯಾಗಿ ಕೇಳಿಸಿಕೊಳ್ಳುವುದನ್ನು ಊಹಿಸಿ. ಉಳಿದ ಕಡೆ ಬರೀ ‘ಚಿತ್ರ’ ಎಂದು ಹೇಳಿ ಮುಂದೆ ಹೋಗಬಹುದು, ಅಥವಾ ಚಿತ್ರ ಇತ್ತೆಂಬ ಸುಳಿವೂ ಸಿಗದಿರಬಹುದು.

ಬೇಕೆಂದೇ ಖಾಲಿ ಬಿಡುವುದು ಬೇರೆ. ಪುಟದ ಅಂಚಿನ ಹೂಬಳ್ಳಿ, ಎರಡು ಪ್ಯಾರಾ ನಡುವಿನ ಚುಕ್ಕಿ ಸಾಲು ಇಂಥ ಅಲಂಕಾರಕ್ಕೆ `alt=""` ಎಂದು ಬರೆದರೆ ಸ್ಕ್ರೀನ್ ರೀಡರ್ ಅದನ್ನು ದಾಟಿಕೊಂಡು ಹೋಗುತ್ತದೆ. ಬರೆಯಲು ಬೇಸರವಾದ ಫೋಟೋಗಳನ್ನೆಲ್ಲ ‘ಅಲಂಕಾರ’ದ ಲೆಕ್ಕಕ್ಕೆ ಹಾಕುವವರನ್ನೂ ನೋಡಿದ್ದೇನೆ. ಆ ಫೋಟೋ ತೆಗೆದುಹಾಕಿದರೆ ಕಣ್ಣಿರುವ ಓದುಗರು ‘ಏನೋ ಕಡಿಮೆಯಾಯಿತು’ ಎನ್ನುತ್ತಾರಾ? ಹೌದಾದರೆ ಬರೆಯಲೇಬೇಕು.

ಒಂದು ಫೋಟೋದಲ್ಲಿ ನೂರೆಂಟು ವಿಷಯ ಇರುತ್ತೆ. ಎಲ್ಲಿಂದ ಶುರು ಮಾಡ್ಲಿ, ಎಲ್ಲಿ ನಿಲ್ಲಿಸ್ಲಿ?

ಫೋಟೋದಿಂದ ಶುರು ಮಾಡಬೇಡಿ, ಲೇಖನದಿಂದ ಶುರು ಮಾಡಿ. ಈ ಚಿತ್ರ ಈ ಜಾಗದಲ್ಲಿ ಯಾಕೆ ಇದೆ ಎಂಬುದಕ್ಕೆ ಉತ್ತರ ಸಿಕ್ಕ ಮೇಲೆಯೇ ಚಿತ್ರದ ಕಡೆ ತಿರುಗಬೇಕು. ನಾನು ಮಾಡುವುದು ಹೀಗೆ. ಒಂದೆರಡು ಸೆಕೆಂಡ್ ನೋಡಿ ಕಣ್ಣು ಮುಚ್ಚಿ, ನೆನಪಿನಲ್ಲಿ ಉಳಿದದ್ದನ್ನು ಒಂದು ವಾಕ್ಯದಲ್ಲಿ ಹೇಳಿಕೊಳ್ಳುತ್ತೇನೆ. ಹೆಚ್ಚಿನಂಶ ಅದೇ ಮೊದಲ ವಾಕ್ಯ. ಆಮೇಲೆ ಕಣ್ಣು ತೆರೆದು ನಾಲ್ಕು ಅಂಚುಗಳಿಂದ ಒಳಕ್ಕೆ ಬರುತ್ತ ನಿಧಾನವಾಗಿ ನೋಡುತ್ತೇನೆ. ಕಣ್ಣು ಯಾವಾಗಲೂ ನಡುವಿಗೆ, ಮುಖಕ್ಕೆ ಓಡುತ್ತದೆ. ಅಂಚಿನಲ್ಲಿರುವ ಕೈ, ಹಿಂದಿನ ಬೋರ್ಡು, ಮೂಲೆಯ ಚಪ್ಪಲಿ ತಪ್ಪಿಹೋಗುತ್ತವೆ. ಕೊನೆಗೆ ಕಂಡದ್ದರಲ್ಲಿ ಲೇಖನಕ್ಕೆ ಬೇಕಾದ್ದನ್ನು ಉಳಿಸಿ ಮಿಕ್ಕಿದ್ದನ್ನು ಹೊಡೆದುಹಾಕುತ್ತೇನೆ. ಕಷ್ಟದ ಭಾಗ ಅದೇ.

ಕಲ್ಲಿನ ರಥದ ಒಂದು ಫೋಟೋ ನನ್ನ ಹತ್ತಿರ ಇದೆ. ರಥ ಓರೆಯಾಗಿ ಕಾಣುತ್ತದೆ, ಒಂದು ಪಕ್ಕದ ಎರಡು ಚಕ್ರ ಪೂರ್ತಿ ಕಾಣುತ್ತವೆ, ಮುಂದೆ ಎರಡು ಕಲ್ಲಾನೆ, ಅವುಗಳ ನಡುವೆ ಪುಟ್ಟ ಕಲ್ಲೇಣಿ, ಹತ್ತಿರ ನಿಂತ ಒಬ್ಬ ಹುಡುಗ, ಹಿಂದೆ ಮಂಟಪ, ಇಳಿಬಿಸಿಲು. ಈ ಒಂದೇ ಫೋಟೋವನ್ನು ಮೂರು ಲೇಖನಗಳಿಗೆ ಮೂರು ರೀತಿ ಬರೆದೆ.

ಪ್ರವಾಸದ ಲೇಖನಕ್ಕೆ: ‘ಕಲ್ಲಿನ ರಥದ ಪಕ್ಕ ಒಬ್ಬ ಹುಡುಗ ನಿಂತಿದ್ದಾನೆ. ಅವನ ತಲೆ ರಥದ ಚಕ್ರದ ಮೇಲಂಚಿಗೆ ಸಮ. ಇಳಿಬಿಸಿಲಿಗೆ ರಥದ ನೆರಳು ಅಂಗಳದ ತುಂಬ ಚಾಚಿದೆ.’

ಶಿಲ್ಪದ ಲೇಖನಕ್ಕೆ: ‘ರಥದ ಎರಡು ಕಲ್ಲಿನ ಚಕ್ರಗಳು. ಒಂದೊಂದರ ಮೇಲೂ ಒಂದರೊಳಗೊಂದು ಬಳೆಗಳಂತೆ ಹೂವಿನ ಕೆತ್ತನೆ. ನಡುವೆ ಅಚ್ಚಿನ ತುದಿ ಹೊರಚಾಚಿದೆ.’

ಮೂರನೆಯದು ರಥ ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬ ಲೇಖನ. ಈಗ ಮುಂದಿರುವ ಆನೆಗಳು ಮೊದಲಿನವಲ್ಲ, ಅಲ್ಲಿ ಕುದುರೆಗಳಿದ್ದವು. ಅವುಗಳ ಗುರುತು ಇನ್ನೂ ಇದೆ. ಅದಕ್ಕೆ ಬರೆದದ್ದು: ‘ರಥದ ಮುಂದೆ ಎರಡು ಕಲ್ಲಾನೆಗಳು. ಆನೆಗಳ ಹಿಂದೆ, ರಥದ ಮೈಗೆ ಅಂಟಿದಂತೆ ಕುದುರೆಯ ಹಿಂಗಾಲು ಮತ್ತು ಬಾಲದ ತುಣುಕು ಉಳಿದಿವೆ.’

ಮೊದಲ ಎರಡರಲ್ಲಿ ಕುದುರೆಯ ಸುದ್ದಿಯೇ ಇಲ್ಲ, ಮೂರನೆಯದರಲ್ಲಿ ಹುಡುಗ ಇಲ್ಲ. ಫೋಟೋ ಒಂದೇ, ಯಾವುದೂ ಸುಳ್ಳಲ್ಲ. ‘ಈ ಫೋಟೋಗೆ ಸರಿಯಾದ ಆಲ್ಟ್ ಪಠ್ಯ ಯಾವುದು?’ ಎಂದು ಫೋಟೋ ಮಾತ್ರ ಕಳಿಸಿ ಕೇಳುವವರಿಗೆ ನಾನು ಲೇಖನವನ್ನೂ ಕಳಿಸಿ ಎನ್ನುವುದು ಇದಕ್ಕೇ.

125 ಅಕ್ಷರ ದಾಟಬಾರದಂತೆ, ನಿಜಾನಾ ಸಾರ್?

ಅಂತರಜಾಲದ ಸುಗಮತೆಗೆ ಎಲ್ಲರೂ ಆಧಾರವಾಗಿಟ್ಟುಕೊಳ್ಳುವ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ಇಂಥ ಸಂಖ್ಯೆ ಇಲ್ಲ. ಆದರೆ ಆ ಸಲಹೆಯ ಹಿಂದೆ ಒಂದು ನ್ಯಾಯ ಇದೆ. ಆಲ್ಟ್ ಪಠ್ಯದಲ್ಲಿ ಪ್ಯಾರಾ ಇಲ್ಲ, ತಲೆಬರಹ ಇಲ್ಲ, ಒಂದೇ ಉಂಡೆ. ಮಧ್ಯದಲ್ಲಿ ಗಮನ ಬೇರೆಡೆ ಹೋದರೆ ಮತ್ತೆ ಮೊದಲಿಂದ ಕೇಳಬೇಕಾಗುತ್ತದೆ.

ಕನ್ನಡಕ್ಕೆ ಅಕ್ಷರದ ಲೆಕ್ಕ ಹೊಂದುವುದೂ ಇಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ, ಕಂಪ್ಯೂಟರ್ ಅದನ್ನು ಸ, ಹಲಂತ, ತ, ಹಲಂತ, ರ, ಈಕಾರದ ಗುರುತು ಎಂದು ಆರು ಎಣಿಸುತ್ತದೆ. ನಾನು ವಾಕ್ಯಗಳನ್ನು ಎಣಿಸುತ್ತೇನೆ: ಸಾಮಾನ್ಯ ಫೋಟೋಗೆ ಒಂದರಿಂದ ಮೂರು ಚಿಕ್ಕ ವಾಕ್ಯ. ನಾಲ್ಕನೆಯದು ಬೇಕೆನಿಸಿದರೆ ಆ ವಿಷಯವನ್ನು ಲೇಖನದ ಒಳಗೇ ಬರೆಯಬೇಕಿತ್ತೋ ಏನೋ ಎಂದು ನೋಡುತ್ತೇನೆ. ಎಕ್ಸ್ ಜಾಲತಾಣದಲ್ಲಿ 1000 ಅಕ್ಷರದವರೆಗೆ ಜಾಗ ಇದೆ. ಜಾಗ ಇದೆಯೆಂದು ತುಂಬಬೇಕಾಗಿಲ್ಲ.

‘ಇದು ಒಂದು ಫೋಟೋ, ಇದರಲ್ಲಿ…’ ಅಂತ ಶುರು ಮಾಡೋದು ತಪ್ಪಾ?

ತಪ್ಪಲ್ಲ, ದಂಡ. ಸ್ಕ್ರೀನ್ ರೀಡರೇ ಇದು ಚಿತ್ರ ಎಂದು ಹೇಳಿರುತ್ತದೆ. ಆದರೆ ವ್ಯಂಗ್ಯಚಿತ್ರ, ಭೂಪಟ, ಕಪ್ಪುಬಿಳುಪು ಫೋಟೋ, ಫೋನ್ ಪರದೆಯ ಸ್ಕ್ರೀನ್‌ಶಾಟ್ ಇವುಗಳನ್ನು ಹೆಸರಿಸಿ. ಅಲ್ಲಿ ಚಿತ್ರದ ಜಾತಿಯೇ ಒಂದು ಸುದ್ದಿ.

## ಕನ್ನಡದಲ್ಲಿ ಬರೆಯುವಾಗ

ನಾನು ಬರೆದದ್ದನ್ನು ಕೇಳಿದ ಅಂಧ ಗೆಳತಿ ‘ಕೊನೆವರೆಗೂ ಏನು ಅಂತಲೇ ಗೊತ್ತಾಗ್ಲಿಲ್ಲ ಕಣೇ’ ಅಂದಳು. ಎಲ್ಲಿ ಎಡವಿದೆ?

ನೀವು ಕಳಿಸಿದ ಸಾಲು ಇದು: ‘ತಲೆಗೆ ಕೆಂಪು ರುಮಾಲು ಸುತ್ತಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬಲಗೈಯಲ್ಲಿ ಕೋಲು ಹಿಡಿದು, ಮಳೆಯಲ್ಲಿ ನೆನೆಯುತ್ತ ಕುರಿಗಳ ಹಿಂದೆ ನಡೆದು ಹೋಗುತ್ತಿರುವ ಮುದುಕ.’

ವ್ಯಾಕರಣ ಸರಿ ಇದೆ, ಓದಲು ಚೆಂದವೂ ಇದೆ. ಆದರೆ ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂಚೆ ಬರುತ್ತವೆ, ನಾಮಪದ ಕೊನೆಗೆ. ಪುಟದ ಮೇಲೆ ಕಣ್ಣು ಛಕ್ಕನೆ ‘ಮುದುಕ’ಕ್ಕೆ ಹಾರಿ ವಾಪಸು ಬರುತ್ತದೆ. ಕಿವಿಗೆ ಆ ಸೌಲಭ್ಯ ಇಲ್ಲ. ರುಮಾಲು, ಕಂಬಳಿ, ಕೋಲು, ಮಳೆ, ಕುರಿ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು, ಇವು ಯಾರವು ಎಂದು ಕಾಯುತ್ತ ಕೂರಬೇಕು. ಅದೂ ಅನುಭವಿ ಕೇಳುಗರು ನಮ್ಮ ಮಾತಿನ ವೇಗಕ್ಕಿಂತ ಎಷ್ಟೋ ಜೋರಾಗಿ ಓದಿಸಿಕೊಳ್ಳುತ್ತಾರೆ. ಅರ್ಧ ಕೇಳಿ, ಬೇಕಿಲ್ಲ ಅನಿಸಿದರೆ ಮುಂದೆ ಹೋಗುತ್ತಾರೆ. ಮುದುಕ ಕೊನೆಯಲ್ಲಿದ್ದರೆ ಅವನು ಸಿಗುವುದೇ ಇಲ್ಲ.

ಮುರಿದು ಬರೆಯಿರಿ: ‘ಮುದುಕನೊಬ್ಬ ಮಳೆಯಲ್ಲಿ ಕುರಿಗಳ ಹಿಂದೆ ನಡೆದಿದ್ದಾನೆ. ತಲೆಗೆ ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.’

ಪದಗಳು ಹೆಚ್ಚುಕಡಿಮೆ ಅವೇ. ಮೊದಲ ವಾಕ್ಯದಲ್ಲಿ ಯಾರು, ಏನು ಮಾಡುತ್ತಿದ್ದಾರೆ ಎಂಬುದು ಮುಗಿಯಿತು, ಎರಡನೆಯದು ಬೇಕಾದವರಿಗೆ. ‘ಮುದುಕನೊಬ್ಬ’ ಎಂದು ಕರ್ತೃವನ್ನು ಮುಂದಿಟ್ಟು, ಕ್ರಿಯಾಪದವಿಲ್ಲದ ತುಂಡು ವಾಕ್ಯದಲ್ಲಿ ವಿವರ ಕೊಡುವುದು ಕನ್ನಡಕ್ಕೆ ಹೊಸತೇನಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋದ ಅಜ್ಜನನ್ನು ಹುಡುಕುವವರು ಹೇಳುವುದು ಹೀಗೆಯೇ: ‘ನಮ್ಮಜ್ಜ, ಬಿಳಿ ಪಂಚೆ, ಕನ್ನಡಕ, ಕೈಯಲ್ಲಿ ಚೀಲ.’

ದೂರದಲ್ಲಿ ನಿಂತವರು ಗಂಡೋ ಹೆಣ್ಣೋ ತಿಳಿಯೋದಿಲ್ಲ. ಕ್ರಿಯಾಪದ ಹೇಗೆ ಬರೆಯೋದು?

‘ನಿಂತಿದ್ದಾನೆ’, ‘ನಿಂತಿದ್ದಾಳೆ’ ಎಂದೊಡನೆ ನೀವು ತೀರ್ಪು ಕೊಟ್ಟಂತೆ. ಗೊತ್ತಿಲ್ಲದಿದ್ದರೆ ‘ಒಬ್ಬರು ನಿಂತಿದ್ದಾರೆ’ ಎನ್ನಿ. ಬಹುವಚನ ಗೌರವವೂ ಹೌದು, ಜಾಣತನವೂ ಹೌದು. ದೊಡ್ಡವರ ಬಗ್ಗೆ ಗೊತ್ತಿದ್ದಾಗಲೂ ನಾನು ‘ಇದ್ದಾರೆ’ ಎಂದೇ ಬರೆಯುತ್ತೇನೆ. ಕೂಲಿಯವಳಿಗೆ ‘ನಿಂತಿದ್ದಾಳೆ’, ಅಧಿಕಾರಿಗೆ ‘ನಿಂತಿದ್ದಾರೆ’ ಎಂದು ಬರೆದುಬಿಡುವುದು ನಮ್ಮ ಬೆರಳಿಗೆ ಅಂಟಿದ ಚಟ, ಒಂದೇ ಪುಟದಲ್ಲಿ ಎರಡನ್ನೂ ಕೇಳಿದರೆ ಕಿವಿಗೆ ಚುಚ್ಚುತ್ತದೆ. (ಮೇಲಿನ ಕುರಿಗಾಹಿಯನ್ನು ‘ನಡೆದಿದ್ದಾನೆ’ ಎಂದದ್ದು ಪತ್ರದ ಮಾತನ್ನೇ ಉಳಿಸಿಕೊಂಡದ್ದರಿಂದ. ನಾನು ಬರೆದಿದ್ದರೆ ‘ವಯಸ್ಸಾದವರೊಬ್ಬರು’ ಎನ್ನುತ್ತಿದ್ದೆ.)

ಜಾತಿ, ಧರ್ಮ, ಬಡತನವನ್ನು ಬಟ್ಟೆ ನೋಡಿ ಊಹಿಸಬೇಡಿ. ‘ಹಣೆಯಲ್ಲಿ ವಿಭೂತಿ’, ‘ಹರಿದ ಅಂಗಿ’ ಎನ್ನಿ, ಅದೂ ಲೇಖನಕ್ಕೆ ಬೇಕಿದ್ದರೆ.

ಹುಟ್ಟಿನಿಂದ ಕಣ್ಣು ಕಾಣದವರಿಗೆ ಬಣ್ಣ ಹೇಳಿ ಏನುಪಯೋಗ?

ಕಾಣದ ಓದುಗರೆಲ್ಲ ಹುಟ್ಟಿನಿಂದ ಹಾಗಿರುವವರಲ್ಲ. ನಡುವಯಸ್ಸಿನಲ್ಲಿ ದೃಷ್ಟಿ ಹೋದವರಿದ್ದಾರೆ, ಮಸುಕಾಗಿ ಕಾಣುವವರಿದ್ದಾರೆ. ಅವರಿಗೆ ಬಣ್ಣ ನೆನಪು. ಹುಟ್ಟು ಅಂಧರೂ ನಮ್ಮ ನಡುವೆಯೇ ಬೆಳೆದವರು. ಹಳದಿ ಅಂದರೆ ಅರಿಸಿನ, ಮದುವೆ ಎಂಬುದು, ಧ್ವಜದ ಹಳದಿ ಕೆಂಪು ಯಾವುದೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಬಣ್ಣ ಕೆಲಸ ಮಾಡುತ್ತಿದ್ದರೆ ಹೇಳಿ: ಸಮವಸ್ತ್ರ, ಸಿಗ್ನಲ್ ದೀಪ, ಒಣಗಿದ ಬೆಳೆ. ಗ್ರಾನೈಟ್ ರಥದ ಬೂದು ಬಣ್ಣ ಹೇಳದಿದ್ದರೆ ನಷ್ಟವೇನಿಲ್ಲ.

‘ಸುಂದರವಾದ’, ‘ಮನಮೋಹಕ’ ಅಂತೆಲ್ಲ ಬರೀಬಹುದಾ?

ಸುಂದರ ಎಂದರೆ ನಿಮಗೆ ಇಷ್ಟವಾಯಿತು ಎಂದಷ್ಟೇ ತಿಳಿಯುತ್ತದೆ. ಯಾಕೆ ಇಷ್ಟವಾಯಿತೋ ಅದನ್ನು ಬರೆಯಿರಿ. ಮುಖಭಾವಕ್ಕೂ ಇದೇ ಮಾತು: ‘ದುಃಖದಲ್ಲಿದ್ದಾರೆ’ ಎಂಬುದು ಊಹೆ, ‘ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ’ ಎಂಬುದು ಕಂಡದ್ದು. ನಗುವನ್ನು ನಗು ಎನ್ನಲು ಮಾತ್ರ ಹಿಂಜರಿಯಬೇಡಿ. ‘ತುಟಿಗಳ ಅಂಚು ಮೇಲಕ್ಕೆ ಬಾಗಿವೆ’ ಎಂದು ಬರೆದವರೊಬ್ಬರಿದ್ದಾರೆ. ಕೇಳಿದವರು ಮನಸಾರೆ ನಕ್ಕರು.

## ಕೈ ಪಳಗಿದವರ ಪ್ರಶ್ನೆಗಳು

ಎಡ ಬಲ ಅಂದ್ರೆ ನೋಡುವವರದೋ, ಫೋಟೋದಲ್ಲಿ ಇರುವವರದೋ?

ಜಾಗ ಹೇಳುವಾಗ ನೋಡುವವರ ಎಡಬಲ, ಮೈಯ ಅಂಗ ಹೇಳುವಾಗ ಆ ವ್ಯಕ್ತಿಯದು. ‘ಬಲತುದಿಯಲ್ಲಿ ನಿಂತವರು ಎಡಗೈಯಲ್ಲಿ ಛತ್ರಿ ಹಿಡಿದಿದ್ದಾರೆ’ ಎಂದರೆ ಚಿತ್ರದ ಬಲತುದಿ, ಅವರ ಸ್ವಂತ ಎಡಗೈ. ಸನ್ಮಾನದ ಫೋಟೋ ಒಂದರಲ್ಲಿ ನಾನು ಇದನ್ನು ಕಲಸಿಬಿಟ್ಟು, ಸನ್ಮಾನ ಮಾಡಿದವರಿಗೇ ಶಾಲು ಹೊದಿಸಿದ್ದೆ. ಸೆಲ್ಫಿಗಳಲ್ಲಿ ಇನ್ನೊಂದು ಬಲೆ ಇದೆ: ಕೆಲವು ಫೋನ್‌ಗಳು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ. ಅಂಗಿಯ ಮೇಲಿನ ಬರಹ ಉಲ್ಟಾ ಇದೆಯೇ ನೋಡಿ, ಗೊತ್ತಾಗುತ್ತದೆ.

ಗುಂಪಿನ ಫೋಟೋದಲ್ಲಿ ‘ಎಡದಿಂದ ಬಲಕ್ಕೆ’ ಎಂಬ ಹೆಸರಿನ ಪಟ್ಟಿ ಕ್ಯಾಪ್ಷನ್ನಿನಲ್ಲಿ ಇದ್ದೇ ಇರುತ್ತದೆ. ಆಲ್ಟ್‌ನಲ್ಲಿ ಅದು ಬೇಡ, ‘ಏಳು ಜನ ವೇದಿಕೆಯ ಮೇಲೆ ಸಾಲಾಗಿ, ನಡುವಿನವರ ಕೈಯಲ್ಲಿ ಫಲಕ’ ಎಂದರೆ ಸಾಕು.

ಹಳೆ ಕಾಲದ ಫೋಟೋಗೆ ಬರೆಯುವಾಗ ಈಗ ಏನಾಗಿದೆ ಅಂತಲೂ ಹೇಳಬೇಕೇ?

ಕಲ್ಲಿನ ರಥವನ್ನೇ ತೆಗೆದುಕೊಳ್ಳೋಣ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪಿಯನ್ನು ಕಾಗದದ ನೆಗೆಟಿವ್ ಮೇಲೆ ಸೆರೆಹಿಡಿದಿದ್ದರು. ಆ ಫೋಟೋದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಹೋಗಿ ನೋಡಿದರೆ ಇಲ್ಲ, ನೋಟಿನ ಮೇಲೂ ಇಲ್ಲ.

ಕಣ್ಣಿರುವ ಓದುಗರಲ್ಲಿ ಏನಾಗುತ್ತದೆ? ಹಳೆಯ ಫೋಟೋ ನೋಡುತ್ತಾರೆ, ತಲೆಯಲ್ಲಿರುವ ರಥದೊಂದಿಗೆ ಹೋಲಿಸುತ್ತಾರೆ, ‘ಅರೆ, ಮೇಲೇನಿದು?’ ಎನ್ನುತ್ತಾರೆ. ಆ ‘ಅರೆ’ಯನ್ನು ಕಾಣದ ಓದುಗರಿಗೂ ಕೊಡಬೇಕು. ನಾನು ಮೊದಲು ಬರೆದದ್ದು ‘ಈಗ ಇಲ್ಲದ ಶಿಖರ ಹೊಂದಿರುವ ಕಲ್ಲಿನ ರಥ’. ಇದರಲ್ಲಿ ಎರಡು ತಪ್ಪು. ‘ಈಗ ಇಲ್ಲ’ ಎನ್ನುವುದು ಫೋಟೋದಲ್ಲಿ ಕಾಣುವ ಸಂಗತಿಯಲ್ಲ. ಶಿಖರ ಹೇಗಿದೆ ಎಂಬುದನ್ನಂತೂ ಹೇಳಲೇ ಇಲ್ಲ. ತಿದ್ದಿದ ಮೇಲೆ ಕೆಲಸ ಎರಡು ಕಡೆ ಹಂಚಿಹೋಯಿತು.

ಆಲ್ಟ್: ‘ಕಪ್ಪುಬಿಳುಪು ಫೋಟೋ. ಕಲ್ಲಿನ ರಥದ ಚಾವಣಿಯ ಮೇಲೆ ಇಟ್ಟಿಗೆಯ ಶಿಖರ ಎದ್ದು ನಿಂತಿದೆ.’

ಕ್ಯಾಪ್ಷನ್: ‘ಹಂಪಿಯ ಕಲ್ಲಿನ ರಥ, 1856. ಮೇಲಿನ ಶಿಖರ ಈಗ ಉಳಿದಿಲ್ಲ. ಚಿತ್ರ: ಅಲೆಕ್ಸಾಂಡರ್ ಗ್ರೀನ್‌ಲಾ.’

ಇಟ್ಟಿಗೆ ಎಂದು ಫೋಟೋ ನೋಡಿಯೇ ಹೇಳಬಹುದೇ ಎಂದು ಒಬ್ಬರು ವಾದಿಸಿದರು. ಬರೆಯುವವರಿಗೆ ತಿಳಿದಿದ್ದರೆ ವಸ್ತುವನ್ನು ಅದರ ಹೆಸರಿನಿಂದ ಕರೆಯುವುದರಲ್ಲಿ ತಪ್ಪಿಲ್ಲ. ‘ಕಲ್ಲಿನ ರಥ’ ಎನ್ನುವುದೂ ತಿಳಿವೇ. ಕಂಡದ್ದನ್ನು ಗುರುತಿಸಲು ತಿಳಿವು ಬೇಕು, ಕಾಣದ ಚರಿತ್ರೆಯನ್ನು ಒಳಗೆ ನುಗ್ಗಿಸಲು ಬೇಡ.

ಕಾರ್ಯಕ್ರಮದ ಆಮಂತ್ರಣವನ್ನು ಫೋಟೋ ಮಾಡಿ ಕಳಿಸ್ತಾರೆ. ಪೂರ್ತಿ ಬರೀಬೇಕಾ?

ದಿನ, ಹೊತ್ತು, ಜಾಗ, ಯಾರು ಬರುತ್ತಾರೆ, ಯಾರಿಗೆ ಫೋನ್ ಮಾಡಬೇಕು ಇವು ಪೂರ್ತಿ ಬೇಕು. ಆದರೆ ಆಲ್ಟ್‌ನಲ್ಲಲ್ಲ, ಚಿತ್ರದ ಕೆಳಗೆ ಎಲ್ಲರಿಗೂ ಕಾಣುವ ಅಕ್ಷರದಲ್ಲಿ. ಆಲ್ಟ್‌ನಲ್ಲಿ ‘ಆಮಂತ್ರಣ ಪತ್ರಿಕೆ, ವಿವರ ಕೆಳಗಿದೆ’ ಎಂದಿರಲಿ. ಕೆಳಗೆ ಬರೆದರೆ ಫೋನ್ ನಂಬರನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಬೀದಿಯ ಫೋಟೋದಲ್ಲಿ ಬೋರ್ಡು ಕಂಡರೆ, ಅದರ ಮಾತೇ ಸುದ್ದಿಯಾಗಿದ್ದಾಗ ಮಾತ್ರ ಅಕ್ಷರಶಃ ಕೊಡಿ. ಕಾಗುಣಿತ ತಪ್ಪಿದ್ದು, ಲೇಖನ ಅದರ ಬಗ್ಗೆಯೇ ಇದ್ದರೆ ‘ಎಂದು ತಪ್ಪಾಗಿ ಬರೆದಿದೆ’ ಎನ್ನಿ; ಇಲ್ಲವಾದರೆ ಕೇಳುವವರು ಅದು ನಿಮ್ಮ ತಪ್ಪು ಎಂದುಕೊಳ್ಳುತ್ತಾರೆ.

ಕನ್ನಡದಲ್ಲೇ ಬರೆದಿದ್ದೀನಿ, ಆದ್ರೂ ಇಂಗ್ಲಿಷ್ ದನಿಯಲ್ಲಿ ಏನೇನೋ ಗೊಣಗುತ್ತೆ. ಯಾಕೆ?

ಪುಟ ಯಾವ ಭಾಷೆಯದು ಎಂದು ಯಾರೂ ಹೇಳಿಲ್ಲದಿದ್ದರೆ, ಅಥವಾ ಇಂಗ್ಲಿಷ್ ಎಂದು ಹೇಳಿದ್ದರೆ ಹೀಗಾಗಬಹುದು. ಸಿದ್ಧ ವಿನ್ಯಾಸ ತಂದು ಕನ್ನಡ ತುಂಬಿಸಿದ ಪುಟಗಳಲ್ಲಿ `lang="en"` ಹಾಗೇ ಉಳಿದಿರುತ್ತದೆ. ಇಡೀ ಪುಟಕ್ಕೆ `lang="kn"` ಹಾಕಿಸಿ. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ ಚಿತ್ರಕ್ಕಾದರೂ ಹಾಕಬಹುದು:

```
<img src="ratha.jpg" lang="kn"
     alt="ಕಲ್ಲಿನ ರಥದ ಮುಂದೆ ಎರಡು ಕಲ್ಲಾನೆಗಳು.">
```

ಕೇಳುಗರ ಯಂತ್ರದಲ್ಲಿ ಕನ್ನಡ ದನಿ ಇರಬೇಕಾದ್ದು ಇನ್ನೊಂದು ಶರತ್ತು. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಜೊತೆಗೆ ಬರುವ ಇಸ್ಪೀಕ್ ದನಿಗೆ ಕನ್ನಡ ಬರುತ್ತದೆ, ಯಂತ್ರದ ಉಚ್ಚಾರಣೆಯಾದರೂ.

ಆಲ್ಟ್ ಒಳಗೆ ಒಂದೊಂದು ಪದಕ್ಕೆ ಬೇರೆ ಭಾಷೆ ಎಂದು ಗುರುತು ಹಾಕಲು ಆಗುವುದಿಲ್ಲ, ಅದು ಬರಿ ಪಠ್ಯ. ಆದ್ದರಿಂದ ‘ಬ್ಯಾನರ್’, ‘ಮೈಕ್’ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ವಾಕ್ಯ ಮುಗಿದಲ್ಲಿ ಚುಕ್ಕಿ ಇಡಿ. ಚುಕ್ಕಿ ಇಲ್ಲದಿದ್ದರೆ ಯಂತ್ರ ಉಸಿರು ತೆಗೆದುಕೊಳ್ಳುವುದಿಲ್ಲ, ರುಮಾಲು ಕಂಬಳಿಗೆ ಅಂಟಿಕೊಳ್ಳುತ್ತದೆ.

ಬರೆದದ್ದು ಸರಿ ಇದೆಯೋ ಇಲ್ಲವೋ ಅಂತ ನಾನೇ ಹೇಗೆ ನೋಡ್ಕೊಳ್ಳೋದು?

ಫೋಟೋ ನೋಡಿರದ ಒಬ್ಬರಿಗೆ ಫೋನ್ ಮಾಡಿ, ಬರೆದದ್ದನ್ನು ಒಂದೇ ಸಲ ಓದಿ. ಆಮೇಲೆ ಅವರೇ ನಿಮಗೆ ಚಿತ್ರ ಹೇಳಲಿ. ನೀವು ಹೇಳದ್ದನ್ನು ಅವರು ಸೇರಿಸಿದರೆ ಅಲ್ಲಿ ನಿಮ್ಮ ಪದ ದಾರಿ ತಪ್ಪಿಸಿದೆ. ಹೇಳಿದ್ದನ್ನು ಮರೆತರೆ ಅದು ಬಹುಶಃ ಬೇಡದ ವಿವರ. ‘ರಥ’ ಎಂದಷ್ಟೇ ಬರೆದು ನಾನು ಹೀಗೆ ಪರೀಕ್ಷೆ ಮಾಡಿದಾಗ ನಮ್ಮಕ್ಕ ಬಾವುಟ, ಹೂವಿನ ಹಾರ, ಹಗ್ಗ ಎಳೆಯುವ ಜನ ಎಲ್ಲವನ್ನೂ ಕಂಡಿದ್ದಳು. ಅವಳ ತಲೆಯಲ್ಲಿದ್ದದ್ದು ನಮ್ಮೂರ ತೇರು. ‘ಕಲ್ಲಿನ’ ಎಂಬ ಒಂದು ಪದ ಸೇರಿಸಿದೆ, ಜನರೆಲ್ಲ ಹೊರಟುಹೋದರು.

ಆಮೇಲೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಆನ್ ಮಾಡಿ, ಪುಟ ತೆರೆದು, ಕಣ್ಣು ಮುಚ್ಚಿ ಕೇಳಿ. ಆಫ್ ಮಾಡುವುದು ಹೇಗೆಂದು ಮೊದಲೇ ತಿಳಿದುಕೊಂಡಿರಿ. ಅದು ಆನ್ ಆದ ಮೇಲೆ ಒಂದು ಸಲ ಮುಟ್ಟಿದರೆ ಬರಿ ಓದುತ್ತದೆ, ಒತ್ತಲು ಎರಡು ಸಲ ತಟ್ಟಬೇಕು. ಮೊದಲ ದಿನ ನಾನು ಹತ್ತು ನಿಮಿಷ ಒದ್ದಾಡಿ, ಕೊನೆಗೆ ಪಕ್ಕದ ಮನೆಯ ಪಿಯುಸಿ ಹುಡುಗಿಯನ್ನು ಕರೆಯಬೇಕಾಯಿತು.